ಕಾರನ್ನು, ಕರುವನ್ನು: ಉಕಾರ ಎಲ್ಲಿ ಬೀಳುತ್ತದೆ, ಎಲ್ಲಿ ಉಳಿಯುತ್ತದೆ

ಮಾನ್ಯ ಸಂಪಾದಕರೇ,

‘ನಿಮ್ಮ ಹೆಸರು ಅನ್ನು ನಮೂದಿಸಿ’, ‘ಖಾತೆ ಇಂದ ಹಣ ಕಡಿತವಾಗಿದೆ’ ಎಂಬಂಥ ವಾಕ್ಯಗಳು ಅರ್ಜಿ ನಮೂನೆಗಳಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಈಗ ಸಾಮಾನ್ಯವಾಗಿವೆ. ‘ಅವನು ಅಲ್ಲಿ ಇದ್ದಾನೆ’ ಎಂದು ಸ್ವತಂತ್ರ ಪದಗಳನ್ನು ಬಿಡಿಸಿ ಬರೆಯುವುದು ಇಂದಿನ ಗದ್ಯದಲ್ಲಿ ತಪ್ಪಲ್ಲ. ಆದರೆ ಪ್ರಕೃತಿಗೆ ವಿಭಕ್ತಿ ಪ್ರತ್ಯಯ ಸೇರುವಾಗ ಸಂಧಿ ಐಚ್ಛಿಕವಲ್ಲ; ‘ಹೆಸರನ್ನು’, ‘ಖಾತೆಯಿಂದ’ ಎಂದೇ ಆಗಬೇಕು.

ಎ, ಇ ಸ್ವರಗಳ ಮುಂದೆ ಯಕಾರ ಬರುವುದರಲ್ಲಿ ಗೊಂದಲ ಕಡಿಮೆ. ತೊಡಕಿರುವುದು ಉಕಾರಾಂತ ಪದಗಳಲ್ಲಿ. ‘ಕಾರು’ ಪದಕ್ಕೆ ‘ಅನ್ನು’ ಸೇರಿದರೆ ಉಕಾರ ಲೋಪವಾಗಿ ‘ಕಾರನ್ನು’ ಎಂದಾಗುತ್ತದೆ. ‘ಕರು’ ಪದಕ್ಕೆ ಸೇರಿದರೆ ಉಕಾರ ಉಳಿದು, ನಡುವೆ ವಕಾರ ಬಂದು ‘ಕರುವನ್ನು’ ಎಂದಾಗುತ್ತದೆ. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂದು ಶಾಲೆಯ ವ್ಯಾಕರಣ ಹೇಳುವುದು ಇದನ್ನೇ: ‘ಕರನ್ನು’ ಎಂದರೆ ಅಲ್ಲಿ ಕರುವಿನ ಗುರುತೇ ಸಿಗುವುದಿಲ್ಲ. ಊರು, ಕಲ್ಲು, ಹೆಸರು ಮುಂತಾದವು ಹಳಗನ್ನಡದಲ್ಲಿ ಊರ್, ಕಲ್, ಪೆಸರ್ ಎಂದು ವ್ಯಂಜನದಲ್ಲಿಯೇ ಮುಗಿಯುತ್ತಿದ್ದವು. ಅವುಗಳ ಕೊನೆಯ ಉಕಾರ ಉಚ್ಚಾರಣೆಗೆಂದು ಆಮೇಲೆ ಸೇರಿದ್ದು, ಆದ್ದರಿಂದಲೇ ಸುಲಭವಾಗಿ ಬಿದ್ದುಹೋಗುತ್ತದೆ. ಕಾರು, ಬಸ್ಸು ಮುಂತಾದ ಎರವಲು ಪದಗಳೂ ಇದೇ ಸಾಲಿನವು. ಮಗು, ಹಸು, ಕರು ಎಂಬ ಎರಡು ಹ್ರಸ್ವಾಕ್ಷರಗಳ ನಾಮಪದಗಳಲ್ಲಿ, ಗುರು, ಶತ್ರು, ವಸ್ತು ಎಂಬ ಸಂಸ್ಕೃತ ಪದಗಳಲ್ಲಿ ಉಕಾರ ಪದದ್ದೇ ಅಂಗ. ಆದ್ದರಿಂದ ‘ಕಾರುವನ್ನು’ ಎಷ್ಟು ತಪ್ಪೋ ‘ವಸ್ತನ್ನು’ ಕೂಡ ಅಷ್ಟೇ ತಪ್ಪು. (‘ಹಾವನ್ನು’ ಎಂಬಲ್ಲಿ ಕಾಣುವ ವಕಾರ ಆಗಮವಲ್ಲ, ಹಾವಿನದೇ, ಅದು ಲೋಪಸಂಧಿ. ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು.)

ಸಂಶಯ ಬಂದಾಗ ಅದೇ ಪದವನ್ನು ಚತುರ್ಥಿಯಲ್ಲಿ ಹೇಳಿ ನೋಡಬಹುದು. ‘ಕಾರಿಗೆ ಪೆಟ್ರೋಲ್ ಹಾಕಿಸಿದೆ’, ‘ಕರುವಿಗೆ ಹುಲ್ಲು ಹಾಕಿದೆ’ ಎನ್ನುವಾಗ ಯಾರೂ ತಡವರಿಸುವುದಿಲ್ಲ. ಅಲ್ಲಿ ಉಕಾರ ಬಿದ್ದರೆ ದ್ವಿತೀಯೆಯಲ್ಲಿಯೂ ಬೀಳುತ್ತದೆ, ಅಲ್ಲಿ ವಕಾರ ಬಂದರೆ ಇಲ್ಲಿಯೂ ಬರುತ್ತದೆ. ಕಿವಿಗೆ ಗೊತ್ತಿರುವುದನ್ನು ಕೈ ಮರೆಯುತ್ತಿದೆ, ಅಷ್ಟೆ.

ಮೊಬೈಲ್ ಸಂದೇಶಗಳ ತಪ್ಪಿಗೆ ಮಾತ್ರ ಕಾರಣ ಬೇರೆ. ಅಲ್ಲಿ ‘ಅನ್ನು ಅಳಿಸಲಾಗಿದೆ’ ಎಂಬ ಭಾಗ ಮೊದಲೇ ಸಿದ್ಧವಾಗಿದ್ದು, ಅದರ ಹಿಂದಿನ ಖಾಲಿ ಜಾಗಕ್ಕೆ ಯಾವುದಾದರೊಂದು ಪದವನ್ನು ಯಂತ್ರ ತಂದು ಕೂರಿಸುತ್ತದೆ. ಯಾವ ಪದ ಬರುವುದೆಂದು ತಿಳಿಯದೆ ಸಂಧಿ ಮಾಡುವುದು ಹೇಗೆ? ‘ಅಳಿಸಲಾದ ಕಡತ:’ ಎಂದು ಬರೆದು ಅದರ ಮುಂದೆ ಹೆಸರನ್ನು ಹಾಗೆಯೇ ಇಟ್ಟರೆ ಪ್ರತ್ಯಯವೇ ಬೇಕಾಗುವುದಿಲ್ಲ. ಸಂದೇಶಗಳನ್ನು ಕನ್ನಡಕ್ಕೆ ತರುವವರು ಇಷ್ಟನ್ನಾದರೂ ಗಮನಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ