ದೃಶ್ಯ 17ರ ರೊಟ್ಟಿ

ತಮ್ಮಾ,

ನಿನ್ನ ಚಿತ್ರದ ಸ್ಕ್ರಿಪ್ಟ್ ಅಂತ ನೀನು ಕಳಿಸಿದ ಫೈಲ್ ಓದಿದೆ. ಮೇಲೆ ‘ಚಿತ್ರೀಕರಣವಾದಂತೆ’ ಅಂತ ಬರೆದಿದ್ದೀಯ. ಒಳಗಿರುವುದು ಮಾತ್ರ ಶೂಟಿಂಗ್‌ಗೆ ಮೊದಲಿನ ಸ್ಕ್ರಿಪ್ಟೇ, ನಿನಗೆ ನೆನಪಿದ್ದ ನಾಲ್ಕು ಮಾತು ತಿದ್ದಿದ್ದೀಯ ಅಷ್ಟೆ. ಬೈಯುತ್ತಿಲ್ಲ. ನಾನೂ ಇದನ್ನೇ ಮಾಡಿ ಪೆಟ್ಟು ತಿಂದವನು.

ಬಾಗಲಕೋಟೆ ಹತ್ತಿರ ಹಿನ್ನೀರಿನ ಊರೊಂದರಲ್ಲಿ ನಾವು ಸಣ್ಣ ಚಿತ್ರ ಮಾಡಿದ್ದೆವು. ದೃಶ್ಯ 17ರಲ್ಲಿ ಮಗ ಊರು ಬಿಟ್ಟು ಹೊರಟಿದ್ದಾನೆ. ನಾನು ಅವ್ವನಿಗೆ ಬರೆದದ್ದು, “ಈ ದುಡ್ಡು ಇಟ್ಕೋ, ಖರ್ಚಿಗೆ ಬೇಕಾಗ್ತದ.” ಆ ಪಾತ್ರ ಮಾಡಿದವರು ಕಂಪನಿ ನಾಟಕದಲ್ಲಿ ಪಳಗಿದ ಹಿರಿಯರು, ಬರೆದದ್ದನ್ನು ಬರೆದ ಹಾಗೇ ಹೇಳುವ ಜಾತಿಯೇ ಅಲ್ಲ. ಐದನೇ ಟೇಕ್‌ನಲ್ಲಿ ದುಡ್ಡಿನ ಮಾತೇ ಬಿಟ್ಟು, “ರೊಟ್ಟಿ ತಿಂದ ಹೋಗು” ಅಂದರು. ಆಮೇಲೆ ಒಲೆ ಕಡೆ ತಿರುಗಿ, “ನಿಮ್ಮಪ್ಪನೂ ಹಿಂಗ ಹಸದ ಹೋದವ, ತಿರುಗಿ ಬರಲಿಲ್ಲ” ಅಂದುಬಿಟ್ಟರು. ಸೆಟ್ಟಿನಲ್ಲಿ ಎಲ್ಲರೂ ಸುಮ್ಮನಾದೆವು. ಅದೇ ಟೇಕ್ ಇಟ್ಟುಕೊಂಡೆವು.

ಸಬ್‌ಟೈಟಲ್ ಮಾಡುವವರಿಗೆ ನಾನು ಹಳೇ ಸ್ಕ್ರಿಪ್ಟ್ ಕೊಟ್ಟೆ. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಪರದೆ ಮೇಲೆ ಅವ್ವ ರೊಟ್ಟಿ ಚಾಚುತ್ತಿದ್ದಾಳೆ, ಕೆಳಗೆ ಇಂಗ್ಲಿಷಿನಲ್ಲಿ ದುಡ್ಡು ಇಟ್ಟುಕೋ ಅಂತ ಬರುತ್ತಿದೆ. ಅಳಬೇಕಾದ ಜಾಗದಲ್ಲಿ ಜನ ನಕ್ಕರು.

ಆಮೇಲೆ ಕೂತು, ಚಿತ್ರದಲ್ಲಿ ನಿಜವಾಗಿ ಇರುವ ಮಾತಿನ ಸ್ಕ್ರಿಪ್ಟ್ ಸರಿಯಾಗಿ ಮಾಡಿದೆ. ಮೊದಲನೆಯದು, ಎಡಿಟಿಂಗ್ ಮುಗಿದು ಕಟ್ ಲಾಕ್ ಆಗುವವರೆಗೆ ಕಾಯಬೇಕು. ಕಂಟಿನ್ಯೂಟಿ ನೋಡುವ ಅಸಿಸ್ಟೆಂಟ್ ಹತ್ತಿರ ಗೆರೆ ಎಳೆದ ಸ್ಕ್ರಿಪ್ಟ್ ಇರುತ್ತದಲ್ಲ, ಮಾತಾಡುವವರು ಕ್ಯಾಮೆರಾದಲ್ಲಿ ಕಾಣುವ ಕಡೆ ನೇರ ಗೆರೆ, ಕಾಣದ ಕಡೆ ಅಂಕುಡೊಂಕು ಗೆರೆ, ಅದು ಯಾವ ಟೇಕ್‌ನಲ್ಲಿ ಏನು ಸಿಕ್ಕಿತು ಅಂತ ಹೇಳುತ್ತದೆ. ಎಡಿಟರ್ ಯಾವುದನ್ನು ಉಳಿಸಿದರು ಅಂತ ಹೇಳುವುದಿಲ್ಲ. ನಮ್ಮ ದೃಶ್ಯದಲ್ಲಿ ಅವ್ವನ ಮಾತು ಐದನೇ ಟೇಕಿನದು, ಮಗನ ಮುಖ ಎರಡನೆಯದು. ಹಾಗಾಗಿ ಪರದೆ ಮೇಲೆ ಗಂಟೆ, ನಿಮಿಷ, ಸೆಕೆಂಡಿನ ಟೈಮ್‌ಕೋಡ್ ಓಡುತ್ತಿರುವ ಕಾಪಿ ಕೇಳಿ ತಗೋ, ಹೆಡ್‌ಫೋನ್ ಹಾಕು, ಕಿವಿಗೆ ಬಿದ್ದದ್ದನ್ನು ಮಾತ್ರ ಬರಿ. ಹಳೇ ಸ್ಕ್ರಿಪ್ಟನ್ನು ಪಕ್ಕದಲ್ಲಿ ತೆರೆದಿಡಬೇಡ. ಇಟ್ಟರೆ ಕಿವಿ ಮೋಸ ಮಾಡುತ್ತದೆ, ಬರೆದ ಮಾತೇ ಕೇಳಿಸುತ್ತದೆ.

ನಮ್ಮ ಕಡೆ ಮಾತನ್ನು ತಿದ್ದುವ ಚಟವೊಂದು ಇರುತ್ತದೆ. ನಟ “ಮಾಡಾಕತ್ತೀನಿ” ಅಂದರೆ ಅದನ್ನೇ ಬರಿ, “ಮಾಡುತ್ತಿದ್ದೇನೆ” ಅಲ್ಲ. ನಾಳೆ ಬೇರೆ ಭಾಷೆಗೆ ಡಬ್ ಮಾಡುವವರು ತುಟಿ ನೋಡಿ ಮಾತು ಕೂರಿಸುತ್ತಾರೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ, ನೀನು ಮಾತು ಬದಲಿಸಿದರೆ ಅವರ ಲೆಕ್ಕವೇ ತಪ್ಪುತ್ತದೆ. ಸೆನ್ಸಾರ್‌ಗೆ ಕೊಡುವ ಮಾತೂ ಚಿತ್ರದಲ್ಲಿ ಇರುವ ಮಾತೇ ಆಗಿರಬೇಕು, ಅಲ್ವಾ.

ದೃಶ್ಯದ ನಂಬರ್ ಮಾತ್ರ ಮುಟ್ಟಬೇಡ. 18 ಕತ್ತರಿಸಿ ಹೋಗಿದ್ದರೆ ‘18, ತೆಗೆದಿದೆ’ ಅಂತ ಬಿಡು. ಹೊಸದಾಗಿ ಸೇರಿದ್ದು 17ಎ ಆಗಲಿ. ನಂಬರ್ ಸರಿಸಿದರೆ ಕ್ಲ್ಯಾಪ್ ಬೋರ್ಡಿಗೂ ನಿನ್ನ ಕಾಗದಕ್ಕೂ ಸಂಬಂಧ ಕಡಿದುಹೋಗುತ್ತದೆ.

ಇನ್ನೊಂದು ವಿಷಯ ನನಗೆ ಬರೆಯುತ್ತಾ ಕೂತಾಗಲೇ ಗೊತ್ತಾಯಿತು. ದೃಶ್ಯ 22ರಲ್ಲಿ ಕಾಕಾ ಕಟ್ಟೆ ತೋರಿಸಿ, ಮುಳುಗಡೆ ನೋಟಿಸ್ ಬಂದ ರಾತ್ರಿ ನಿಮ್ಮಪ್ಪ ಇಲ್ಲೇ ಜೀವ ಬಿಟ್ಟ ಅನ್ನುತ್ತಾನೆ. ಅವ್ವನ ಪ್ರಕಾರ ಅಪ್ಪ ಹಸಿದು ಹೋದವ, ತಿರುಗಿ ಬರಲಿಲ್ಲ. ಅಂದರೆ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವನ ಹಾಗಾಯಿತು! ಶೂಟಿಂಗ್‌ನಲ್ಲಿ ಎರಡೂ ಬೇರೆ ದಿನ, ಎಡಿಟಿಂಗ್‌ನಲ್ಲಿ ಎಲ್ಲರಿಗೂ ಕಥೆ ಮೊದಲೇ ಗೊತ್ತು, ಯಾರಿಗೂ ಹೊಳೆಯಲಿಲ್ಲ. ಎರಡೂ ಮಾತು ಕಾಗದದ ಮೇಲೆ ಬಂದಾಗ ಕಣ್ಣಿಗೆ ಹೊಡೆಯಿತು.

ಅದೃಷ್ಟಕ್ಕೆ ಆ ಮಾತಿನ ಹೊತ್ತಿಗೆ ಅವ್ವನ ಬೆನ್ನು ನಮ್ಮ ಕಡೆ, ತುಟಿ ಕಾಣುವುದಿಲ್ಲ. ಅವರನ್ನೇ ಸ್ಟುಡಿಯೋಗೆ ಕರೆದು, “ನಿಮ್ಮಪ್ಪನೂ ಹಿಂಗ ಹಸದ ಮಲಗಿದವ, ತಿರುಗಿ ಏಳಲಿಲ್ಲ” ಅಂತ ಹೇಳಿಸಿದೆವು. ಹೆಚ್ಚುಕಡಿಮೆ ಅಷ್ಟೇ ಉದ್ದ, ಅದೇ ದನಿ. ಮುಖ ಎದುರಿಗಿದ್ದಿದ್ದರೆ ಕಾಕಾನ ಮಾತೇ ಕತ್ತರಿಸಬೇಕಾಗುತ್ತಿತ್ತು. ಹಾಗೆ ಕತ್ತರಿಸಿದರೆ ಅಲ್ಲಿಂದ ಮುಂದಿನ ಟೈಮ್‌ಕೋಡ್ ಎಲ್ಲ ಅಷ್ಟು ಸೆಕೆಂಡ್ ಹಿಂದೆ ಸರಿಯುತ್ತದೆ, ಅದಕ್ಕೇ ಟೈಮ್‌ಕೋಡನ್ನು ಕೊನೆಗೆ ತುಂಬು ಅನ್ನುವುದು. ಕಾಗದದಲ್ಲಿ ಈಗ ಅದು ಹೀಗಿದೆ:

00:14:07 ಅವ್ವ: ರೊಟ್ಟಿ ತಿಂದ ಹೋಗು.
00:14:11 ಅವ್ವ (ಬೆನ್ನು ಕಾಣುತ್ತದೆ, ಡಬ್ ಮಾಡಿದ್ದು): ನಿಮ್ಮಪ್ಪನೂ ಹಿಂಗ ಹಸದ ಮಲಗಿದವ, ತಿರುಗಿ ಏಳಲಿಲ್ಲ.

ನಿನ್ನ ಫೈಲಿನ ದೃಶ್ಯ 9ರಲ್ಲಿ ಸಂತೆಯ ಜಗಳ ಒಬ್ಬರಾದ ಮೇಲೆ ಒಬ್ಬರು ಮಾತಾಡಿದ ಹಾಗೆ ಇದೆ. ಸಂತೆಯಲ್ಲಿ ಹಾಗೆ ಯಾರು ಜಗಳ ಆಡುತ್ತಾರೆ ಮಾರಾಯಾ? ಒಬ್ಬರ ಮೇಲೊಬ್ಬರು ಬಿದ್ದು ಕೂಗಿರಬೇಕು. ಅದನ್ನು ಮತ್ತೆ ಕೇಳಿ, ಎಲ್ಲಿ ಮಾತು ಒಂದರ ಮೇಲೊಂದು ಬಂದಿದೆ ಅಂತ ಗುರುತು ಹಾಕಿ, ಆ ಎರಡು ಪುಟ ಮೊದಲು ಕಳಿಸು. ಉಳಿದದ್ದು ಆಮೇಲೆ.

ನಿನ್ನ ಅಣ್ಣ