ಆಸ್ಪತ್ರೆ ಫಲಕ: ಅಳೆಯಬೇಕಾದ್ದು ಹಲಗೆಯನ್ನಲ್ಲ, ಅಕ್ಷರವನ್ನು

ಮಾನ್ಯರೇ,

2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ಆಸ್ಪತ್ರೆಗಳ ನಾಮಫಲಕದಲ್ಲೂ ಶೇ 60ರಷ್ಟು ಕನ್ನಡ ಇರಬೇಕು. ಅದು ಗೇಟಿನ ಬೋರ್ಡಿನ ಮಾತಾಯಿತು. ಒಳಗೆ ಹೋದ ಮೇಲೆ, ಕೈಯಲ್ಲಿ ಚೀಟಿ ಹಿಡಿದು ಗಾಬರಿಯಲ್ಲಿ ಕತ್ತೆತ್ತಿ ನೋಡುವವರಿಗೆ ಕನ್ನಡ ಎಷ್ಟು ದೂರದಿಂದ ಕಾಣುತ್ತದೆ ಎಂಬುದನ್ನು ಯಾವ ಶೇಕಡಾವಾರೂ ಹೇಳುವುದಿಲ್ಲ.

ತೊಂದರೆ ಶುರುವಾಗುವುದು ಅಂದಾಜುಪಟ್ಟಿಯಲ್ಲೇ. ಅದರಲ್ಲಿ ಹಲಗೆಯ ಚದರಡಿ, ಅಕ್ರಿಲಿಕ್ಕೋ, ಎಸಿಪಿ ಎಂಬ ಅಲ್ಯೂಮಿನಿಯಂ ಹಲಗೆಯೋ ಎಂಬ ವಿವರ, ದರ ಎಲ್ಲ ಇರುತ್ತವೆ. ಅಕ್ಷರದ ಎತ್ತರ ಇರುವುದಿಲ್ಲ. ಹಾಗಾಗಿ ಫಲಕ ಮಾಡುವವರು ಕನ್ನಡಕ್ಕೊಂದು ಪಟ್ಟಿ, ಇಂಗ್ಲಿಷಿಗೊಂದು ಪಟ್ಟಿ ಸಮನಾಗಿ ಹಂಚಿ, ಸಾಲನ್ನು ಅದರೊಳಗೆ ತುಂಬಿಸುತ್ತಾರೆ. ನೋಡಲು ಸಮಪಾಲು, ಆದರೆ ಓದಲು ಅಲ್ಲ.

ಒಂದೊಂದು ಪಟ್ಟಿ 100 ಮಿ.ಮೀ. ಎಂದುಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೆ ಕೆಳಗೆ ಏನೂ ಇಲ್ಲ, ಪೂರ್ತಿ 100 ಅವುಗಳದೇ. ‘ಶಸ್ತ್ರಚಿಕಿತ್ಸೆ’ ಹಾಗಲ್ಲ. ಮೇಲೆ ಗುಡಿಸು, ಏತ್ವ. ಕೆಳಗೆ ‘ಸ್ತ್ರ’ದ ತ ಒತ್ತು, ರ ಒತ್ತು. ಇಷ್ಟನ್ನೂ 100ರೊಳಗೆ ಕೂರಿಸಿದರೆ ‘ಶ’ದ ಮೈಗೆ ಉಳಿಯುವುದು, ಫಾಂಟಿಗೆ ತಕ್ಕಂತೆ, ಹೆಚ್ಚುಕಡಿಮೆ 50 ಮಿ.ಮೀ. ಕೆಳಗಿನ ಒತ್ತು ಅದರ ಅರ್ಧ, ಅಂದರೆ 25.

ಇದನ್ನು ಕಣ್ಣಾಸ್ಪತ್ರೆಯ ಚಾರ್ಟಿನ ಲೆಕ್ಕಕ್ಕೆ ಹಾಕಿ ನೋಡೋಣ. 6/6 ದೃಷ್ಟಿಯವರು 6 ಮೀಟರಿನಿಂದ ಸುಮಾರು 8.7 ಮಿ.ಮೀ. ಅಕ್ಷರ ಓದಬಲ್ಲರು. ಪೊರೆ ಬಂದು ದೃಷ್ಟಿ 6/18ಕ್ಕೆ ಇಳಿದವರಿಗೆ ಅದರ ಮೂರು ಪಟ್ಟು, ಅಂದರೆ 26 ಮಿ.ಮೀ. ಬೇಕು. ಈ ಲೆಕ್ಕದಲ್ಲಿ ಮೇಲಿನ ಫಲಕದ ಇಂಗ್ಲಿಷ್ ಅವರಿಗೆ ಸುಮಾರು 23 ಮೀಟರಿನಿಂದ ಕಂಡರೆ, ಕನ್ನಡದ ಮೈ ಕಾಣುವುದು ಹನ್ನೊಂದೂವರೆ ಮೀಟರಿಗೆ, ಒತ್ತು ಕಾಣುವುದು ಆರು ಮೀಟರಿನೊಳಗೆ ಬಂದ ಮೇಲೆ. ಅದೂ ನಿಂತು, ಒಳ್ಳೆಯ ಬೆಳಕಿನಲ್ಲಿ ದಿಟ್ಟಿಸಿದರೆ. ನಡೆಯುತ್ತ, ಸ್ಟ್ರೆಚರ್ ತಳ್ಳುತ್ತ ಓದುವವರಿಗೆ ಈ ಲೆಕ್ಕದ ಎತ್ತರದ ಒಂದೂವರೆ ಪಟ್ಟಾದರೂ ಕೊಡಬೇಕು. 12 ಮೀಟರ್ ಉದ್ದದ ಕಾರಿಡಾರಿನ ಕೊನೆಯ ಫಲಕಕ್ಕೆ ‘ಶ’ದ ಮೈಯೇ 80 ಮಿ.ಮೀ. ಇರಲಿ. ಒತ್ತುಗಳು ಸಾಲಿನ ಕೆಳಗಿನ ಖಾಲಿ ಜಾಗಕ್ಕೆ ಇಳಿಯಲಿ, ಅವುಗಳಿಗಾಗಿ ಅಕ್ಷರವನ್ನು ಹಿಂಡುವುದು ಬೇಡ.

ಅಕ್ಷರ ಚಿಕ್ಕದಾಯಿತೆಂದು ಸುತ್ತ ಗೆರೆ ಎಳೆದು ದಪ್ಪ ಮಾಡುವ ಅಭ್ಯಾಸ ಇನ್ನೂ ಕೆಟ್ಟದ್ದು. ಕನ್ನಡದಲ್ಲಿ ಎಷ್ಟೋ ಅಕ್ಷರಗಳ ಗುರುತು ಇರುವುದೇ ಒಂದು ಸೀಳಿನಲ್ಲಿ, ಚುಕ್ಕೆಯಲ್ಲಿ. ‘ವಿಭಾಗ’ದ ಭ, ‘ಘಟಕ’ದ ಘ ತಮ್ಮ ಸೀಳು ಮುಚ್ಚಿಕೊಂಡರೆ ದೂರಕ್ಕೆ ಬರೀ ಮುದ್ದೆ. ಹಿಂದಿನಿಂದ ದೀಪ ಹಾಕಿದ ಫಲಕದಲ್ಲಿ ಬಿಳಿ ಅಕ್ಷರ ತಾನಾಗಿಯೇ ಉಬ್ಬಿ ಕಾಣುವುದರಿಂದ ಅಲ್ಲಿ ಒಂದು ಹಂತ ತೆಳು ಫಾಂಟೇ ಸರಿ.

ಬಣ್ಣದ ವಿಷಯ ಕಣ್ಣಂದಾಜಿಗೆ ಬಿಡಬೇಕಿಲ್ಲ. ಹಲವು ಬಣ್ಣದ ಕಂಪನಿಗಳು ತಮ್ಮ ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಎಲ್‌ಆರ್‌ವಿ ಅಂಕಿ ಕೊಡುತ್ತವೆ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು, ದೊಡ್ಡದರಿಂದ ಭಾಗಿಸಿದರೆ ಶೇ 70 ದಾಟಬೇಕು. ಬಿಳಿ 85, ಕಡುನೀಲಿ 7 ಆದರೆ ಶೇ 92 ಸಿಗುತ್ತದೆ. ಅದೇ ಕಡುನೀಲಿಯ ಮೇಲೆ 13ರ ಕೆಂಪಿನಲ್ಲಿ ‘ತುರ್ತು ಚಿಕಿತ್ಸೆ’ ಬರೆದರೆ ಶೇ 46 ಮಾತ್ರ. ಕೆಂಪು ಬೇಕೇಬೇಕಿದ್ದರೆ ಅದು ಹಿನ್ನೆಲೆಯಾಗಲಿ, ಅಕ್ಷರ ಬಿಳಿಯಾಗಲಿ. ಅಂಕಿ ಸಿಗದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ: ಅಕ್ಷರ ಹಿನ್ನೆಲೆಯೊಳಗೆ ಕರಗಿದರೆ ಫಲಕ ವ್ಯರ್ಥ. ಮಿರುಗುವ ಅಕ್ರಿಲಿಕ್ಕಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದರೆ ಈ ಲೆಕ್ಕವೆಲ್ಲ ಹಾಳು. ಮ್ಯಾಟ್ ವಿನೈಲ್ ಬಳಸಬೇಕು.

ಇನ್ನೊಂದು ಅವಾಂತರ ಮುದ್ರಣದ್ದು. ಯೂನಿಕೋಡ್ ಪಠ್ಯವನ್ನು ಹಳೆಯ ತಂತ್ರಾಂಶಕ್ಕೆ ಅಂಟಿಸಿದಾಗ ಒತ್ತು ಕೂಡಿಕೊಳ್ಳದೆ ‘ಶಸ್‌ತ್‌ರಚಿಕಿತ್‌ಸೆ’ ಆಗಿಬಿಡುತ್ತದೆ. ಕನ್ನಡ ಓದಲು ಬಾರದ ಆಪರೇಟರ್‌ಗೆ ಅದು ತಪ್ಪೆಂದು ಗೊತ್ತಾಗುವುದೂ ಇಲ್ಲ.

ಆರೋಗ್ಯ ಇಲಾಖೆ ಟೆಂಡರಿಗೆ ಎರಡು ಷರತ್ತು ಸೇರಿಸಲಿ. ಒತ್ತು, ಗುಡಿಸು ಬಿಟ್ಟು ಅಕ್ಷರದ ಮೈ ಎತ್ತರ ಎಷ್ಟು ಮಿ.ಮೀ. ಎಂದು ಪ್ರತಿ ಫಲಕಕ್ಕೂ ನಮೂದಿಸಬೇಕು. ಅಂತಿಮ ಮುದ್ರಣಕ್ಕೆ ಮುಂಚೆ ಅದೇ ಅಳತೆಯ ಕಾಗದದ ಪ್ರತಿಯನ್ನು ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ತೂಗುಹಾಕಿ, ಕನ್ನಡಕ ಹಾಕುವ ಒಬ್ಬರಿಂದ ಸಂಜೆಯ ಬೆಳಕಿನಲ್ಲಿ ಓದಿಸಿ ಸಹಿ ಪಡೆಯಬೇಕು. ಆ ಸಹಿ ಇಲ್ಲದ ಫಲಕದ ಬಿಲ್ಲು ಪಾಸಾಗಬಾರದು.

ಇತಿ,
ಒಬ್ಬ ಫಲಕ ವಿನ್ಯಾಸಕ, ಮೈಸೂರು