ಮಲಗಿಸಿ ಅಳೆದರೆ ಹಾಗಂತ ಬರೆಯಿರಿ

ತೀರ್ಥಹಳ್ಳಿ ಕಡೆ ಅಳತೆಗೆ ಹೋಗುವ ಅಕ್ಕಂದಿರೇ, ನಿನ್ನೆಯ ಒಂದು ಫಾರ್ಮ್ ನೋಡಿ. ಸರಿಯಾಗಿ ಎರಡು ವರ್ಷ ತುಂಬಿದ ಗಂಡು ಮಗು. ನಿಲ್ಲಿಸಿದರೆ ಅಮ್ಮನ ಸೆರಗು ಬಿಡದೆ ಅತ್ತಿತು. ಮಲಗಿಸಿ ಅಳೆದೆವು, 81.2 ಸೆಂ.ಮೀ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ವಯಸ್ಸಿನ ಗಂಡು ಮಗುವಿನ ನಿಂತ ಎತ್ತರದ ಮಧ್ಯದ ಅಳತೆ 87.1, ಒಂದು ಎಸ್‌ಡಿ, ಅಂದರೆ ಮಕ್ಕಳ ಎತ್ತರ ಆ ಮಧ್ಯದಿಂದ ಸಾಮಾನ್ಯವಾಗಿ ಆಚೀಚೆ ಆಗುವ ಪ್ರಮಾಣ, ಸುಮಾರು 3.06. ಕೊರತೆಯನ್ನು ಎಸ್‌ಡಿಯಿಂದ ಭಾಗಿಸಿದರೆ ಝಡ್ ಸ್ಕೋರ್ −1.93. ಬೆಳವಣಿಗೆ ಕುಂಠಿತ ಅನ್ನುವುದು ಈ ಸ್ಕೋರ್ −2ಕ್ಕಿಂತ ಕೆಳಗೆ ಇಳಿದರೆ ಮಾತ್ರ. ಮಗು ಲೆಕ್ಕದಿಂದ ಹೊರಗುಳಿಯಿತು.

ಆದರೆ ಮಲಗಿದಾಗ ಅಳತೆ ಸ್ವಲ್ಪ ಜಾಸ್ತಿ ಬರುತ್ತೆ, ಅಲ್ವಾ? ಎರಡು ತುಂಬಿದವರಿಗೆ ಅದಕ್ಕೇ 0.7 ಕಳೆಯಬೇಕು. ಆಗ 80.5, ಸ್ಕೋರ್ −2.16. ಅದೇ ಮಗು ಕುಂಠಿತ!

ದಯವಿಟ್ಟು ‘ಮಲಗಿಸಿ’ ಅಂತ ಗುರುತು ಹಾಕಿ. ನೀವೇ ಕಳೆಯಬೇಡಿ, ಇಲ್ಲಿ ನಾನು ಕಳೆಯುತ್ತೇನೆ. ಎರಡು ಸಲ ಕಳೆದರೆ ಮತ್ತೆ ತಪ್ಪುತ್ತದೆ.